ಕ್ಯಾಮೆರಾ ಇತ್ತು, ಕೀಲಿ ಯಾರ ಕೈಯಲ್ಲಿತ್ತು?

ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯಲ್ಲಿ ಸಾತ್ತಾನ್‌ಕುಳಂ ಎಂಬ ಪುಟ್ಟ ಊರಿದೆ. 2020ರ ಜೂನ್ 19ರ ಸಂಜೆ ಅಲ್ಲಿನ ಒಂದು ಮೊಬೈಲ್ ಅಂಗಡಿಯ ಮುಂದೆ ಪೊಲೀಸರು ಬಂದರು. ಲಾಕ್‌ಡೌನ್ ಅವಧಿ ಮೀರಿ ಅಂಗಡಿ ತೆರೆದಿತ್ತು ಎಂಬುದು ಆರೋಪ. ತಂದೆಯನ್ನು ಠಾಣೆಗೆ ಕರೆದೊಯ್ದರು, ವಿಷಯ ತಿಳಿದು ಮಗನೂ ಹಿಂದೆಯೇ ಹೋದ. ರಾತ್ರಿಯಿಡೀ ಇಬ್ಬರನ್ನೂ ಠಾಣೆಯಲ್ಲಿ ಇಟ್ಟುಕೊಂಡು, ಮರುದಿನ ಕೋವಿಲ್‌ಪಟ್ಟಿಯ ಉಪ ಕಾರಾಗೃಹಕ್ಕೆ ಕಳಿಸಿದರು. ಜೂನ್ 22ರ ರಾತ್ರಿ ಮಗ ಸತ್ತ. 23ರ ಬೆಳಿಗ್ಗೆ ತಂದೆ ತೀರಿಕೊಂಡರು.

ಪೊಲೀಸರ ಎಫ್‌ಐಆರ್ ಬೇರೆಯದೇ ಕಥೆ ಹೇಳಿತ್ತು. ತಂದೆ-ಮಗ ಪೊಲೀಸರನ್ನು ಬೈದರು, ನೆಲದ ಮೇಲೆ ಬಿದ್ದು ಹೊರಳಾಡಿದರು, ಗಾಯವಾದದ್ದು ಹಾಗೆ ಎಂದು ಅದರಲ್ಲಿ ಬರೆದಿತ್ತು. ಆದರೆ ಅಕ್ಕಪಕ್ಕದ ಅಂಗಡಿಯವರ ಸಿಸಿಟಿವಿಯಲ್ಲಿ ಅಂಥ ಹೊರಳಾಟವೇನೂ ಕಾಣಲಿಲ್ಲ. ತಂದೆ ಪೊಲೀಸರೊಂದಿಗೆ ಸುಮ್ಮನೆ ನಡೆದುಹೋಗುವುದಷ್ಟೇ ಅದರಲ್ಲಿತ್ತು.

ಹಾಗಾದರೆ ಠಾಣೆಯ ಒಳಗಿನ ಕ್ಯಾಮೆರಾ ಏನು ಹೇಳಿತು? ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಇಳಿದು, ಕೋವಿಲ್‌ಪಟ್ಟಿಯ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಠಾಣೆಗೆ ಕಳಿಸಿತು. ಅವರು ಸಲ್ಲಿಸಿದ ವರದಿಯಲ್ಲಿ ಒಂದು ಸಣ್ಣ ತಾಂತ್ರಿಕ ಸಂಗತಿಯಿತ್ತು. ಠಾಣೆಯಲ್ಲಿ ಕ್ಯಾಮೆರಾಗಳು ಇದ್ದವು. ಹಾರ್ಡ್‌ಡಿಸ್ಕ್ 1 ಟೆರಾಬೈಟ್‌ನದು, ಬೇಕಾದಷ್ಟು ಜಾಗವಿತ್ತು. ಆದರೂ ದಿನದ ದೃಶ್ಯ ದಿನವೇ ತಾನಾಗಿ ಅಳಿಸಿಹೋಗುವಂತೆ ಅದನ್ನು ಹೊಂದಿಸಲಾಗಿತ್ತು. ಜೂನ್ 19ರ ರಾತ್ರಿಯದು ಒಂದು ಕ್ಷಣವೂ ಉಳಿದಿರಲಿಲ್ಲ.

ಉಳಿದದ್ದು ಒಬ್ಬ ಹೆಣ್ಣುಮಗಳ ಮಾತು. ಅಂದು ರಾತ್ರಿ ಠಾಣೆಯಲ್ಲಿ ಕರ್ತವ್ಯದಲ್ಲಿದ್ದ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬರು, ಇಬ್ಬರನ್ನೂ ಲಾಠಿಯಿಂದ ಇರುಳಿಡೀ ಹೊಡೆದರು, ಮೇಜಿನ ಮೇಲೂ ಲಾಠಿಗಳ ಮೇಲೂ ರಕ್ತದ ಕಲೆಗಳಿದ್ದವು ಎಂದು ಮ್ಯಾಜಿಸ್ಟ್ರೇಟರ ಎದುರು ಹೇಳಿದರು. ಹೇಳುವಾಗ ಭಯದಿಂದ ನಡುಗುತ್ತಿದ್ದರು, ಹೇಳಿಕೆಗೆ ಸಹಿ ಹಾಕಲು ಹಿಂಜರಿದರು, ಭರವಸೆ ಕೊಟ್ಟ ಮೇಲೆ ಹಾಕಿದರು. ಸಾಕ್ಷ್ಯ ಕೈತಪ್ಪದಿರಲಿ ಎಂದು ಆ ಠಾಣೆಯನ್ನೇ ಕಂದಾಯ ಇಲಾಖೆಯ ಅಧಿಕಾರಿಗಳ ಸುಪರ್ದಿಗೆ ಕೊಡಲು ಹೈಕೋರ್ಟ್ ಆದೇಶಿಸಬೇಕಾಯಿತು. ತನಿಖೆ ಸಿಬಿಐಗೆ ಹೋಯಿತು, ಒಂಬತ್ತು ಪೊಲೀಸರ ಮೇಲೆ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಪೊಲೀಸರನ್ನು ಉತ್ತರದಾಯಿಗಳನ್ನಾಗಿ ಮಾಡುವುದು ಹೇಗೆ ಎಂಬ ಚರ್ಚೆ ಬಂದಾಗಲೆಲ್ಲ ಮೂರು ಉಪಾಯಗಳ ಹೆಸರು ಕೇಳಿಬರುತ್ತದೆ. ಒಂದು ಕ್ಯಾಮೆರಾ, ಮತ್ತೊಂದು ದೂರು ಪ್ರಾಧಿಕಾರ, ಮೂರನೆಯದು ಪೊಲೀಸೇತರರ, ಅಂದರೆ ನಾಗರಿಕರ ಮೇಲುಸ್ತುವಾರಿ. ಯಾವುದು ಮೇಲು ಎಂದು ಹೋಲಿಸುವ ಮುನ್ನ ಸಾತ್ತಾನ್‌ಕುಳಂ ಕಲಿಸಿದ ಮೂರು ಪ್ರಶ್ನೆಗಳನ್ನು ಕೈಯಲ್ಲಿಟ್ಟುಕೊಳ್ಳೋಣ. ಸಾಕ್ಷ್ಯ ಯಾರ ಬಳಿ ಇದೆ? ತನಿಖೆ ಮಾಡುವವರು ಯಾರು? ಅವರ ಮಾತನ್ನು ಯಾರಾದರೂ ಪಾಲಿಸಲೇಬೇಕೇ? ಬೀದಿಯ ಅಂಗಡಿಯ ಕ್ಯಾಮೆರಾ ಸತ್ಯ ಹೇಳಿತು, ಠಾಣೆಯ ಕ್ಯಾಮೆರಾ ಹೇಳಲಿಲ್ಲ. ಎರಡೂ ಒಂದೇ ಬಗೆಯ ಯಂತ್ರಗಳು. ವ್ಯತ್ಯಾಸ ಇದ್ದದ್ದು ಕೀಲಿ ಯಾರ ಕೈಯಲ್ಲಿತ್ತು ಎಂಬುದರಲ್ಲಿ.

ಎದೆಯ ಮೇಲಿನ ಕಣ್ಣು

ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಟ್ರಾಫಿಕ್ ಪೊಲೀಸರ ಎದೆಗೆ ಸಿಕ್ಕಿಸಿದ ಕಪ್ಪು ಡಬ್ಬಿಯನ್ನು ಈಗ ಎಲ್ಲರೂ ನೋಡಿರುತ್ತೀರಿ. ಅದೇ ಬಾಡಿ ಕ್ಯಾಮೆರಾ. ಅದು ದಿನವಿಡೀ ತಾನಾಗಿ ಚಿತ್ರೀಕರಿಸುತ್ತಿರುತ್ತದೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಹೆಚ್ಚು ಬಳಕೆಯಲ್ಲಿರುವ ಮಾದರಿಗಳು ಸುಮ್ಮನೆ ಕಾಯುತ್ತಿರುತ್ತವೆ. ಪೊಲೀಸಿನವನು ಗುಂಡಿ ಒತ್ತಿದಾಗ ಮಾತ್ರ ದಾಖಲೆ ಶುರುವಾಗುತ್ತದೆ. ಒತ್ತುವುದಕ್ಕೆ ಹಿಂದಿನ ಅರ್ಧ ನಿಮಿಷದಷ್ಟು ದೃಶ್ಯವನ್ನು ಕೆಲವು ಕ್ಯಾಮೆರಾಗಳು ನೆನಪಿನಲ್ಲಿ ಇಟ್ಟುಕೊಂಡಿರುತ್ತವೆ, ಆದರೆ ಆ ತುಣುಕಿನಲ್ಲಿ ಸಾಮಾನ್ಯವಾಗಿ ಧ್ವನಿ ಇರುವುದಿಲ್ಲ. ಪಾಳಿ ಮುಗಿದ ಮೇಲೆ ಕ್ಯಾಮೆರಾವನ್ನು ಠಾಣೆಯ ಡಾಕ್‌ಗೆ ಸಿಕ್ಕಿಸಿದರೆ ದೃಶ್ಯ ಸರ್ವರಿಗೆ ಹೋಗುತ್ತದೆ. ಗುಂಡಿ ಒತ್ತುವುದು, ಡಾಕ್‌ಗೆ ಹಾಕುವುದು, ಎಷ್ಟು ದಿನ ಇಡಬೇಕೆಂದು ನಿರ್ಧರಿಸುವುದು, ಬೇಕೆಂದವರಿಗೆ ಕೊಡುವುದು ಎಂಬ ನಾಲ್ಕು ಹಂತಗಳಿವೆ. ನಾಲ್ಕರಲ್ಲೂ ಕೈ ಪೊಲೀಸರದ್ದೇ.

ಈ ಕ್ಯಾಮೆರಾಗಳ ಬಗ್ಗೆ ಜಗತ್ತಿನಾದ್ಯಂತ ಭರವಸೆ ಹುಟ್ಟಿಸಿದ್ದು ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಚಿಕ್ಕ ಪಟ್ಟಣ. 2012-13ರಲ್ಲಿ ಅಲ್ಲಿನ 54 ಪೊಲೀಸರ ಮೇಲೆ ಒಂದು ಪ್ರಯೋಗ ನಡೆಯಿತು. ಯಾವ ಪಾಳಿಯಲ್ಲಿ ಕ್ಯಾಮೆರಾ ಧರಿಸಬೇಕು, ಯಾವುದರಲ್ಲಿ ಬೇಡ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಆ ವರ್ಷ ಪೊಲೀಸರ ಮೇಲಿನ ದೂರುಗಳು ಹಿಂದಿನ ವರ್ಷಕ್ಕಿಂತ ಬಹುಪಾಲು ಇಳಿದವು, ಬಲಪ್ರಯೋಗವೂ ಅರ್ಧಕ್ಕಿಂತ ಕಡಿಮೆಯಾಯಿತು. ಸುದ್ದಿ ಹಬ್ಬಿತು, ಎಲ್ಲ ಕಡೆ ಕ್ಯಾಮೆರಾ ಕೊಳ್ಳುವ ಭರಾಟೆ ಶುರುವಾಯಿತು.

ಆಮೇಲೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಪಾಲ್ಗೊಂಡ ಪೊಲೀಸರು 2,224 ಮಂದಿ. 2017ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ತಣ್ಣಗಾಗಿಸಿತು. ಕ್ಯಾಮೆರಾ ಧರಿಸಿದವರಿಗೂ ಧರಿಸದವರಿಗೂ ಬಲಪ್ರಯೋಗದಲ್ಲಾಗಲಿ ದೂರುಗಳಲ್ಲಾಗಲಿ ಗುರುತಿಸಬಹುದಾದ ವ್ಯತ್ಯಾಸ ಇರಲಿಲ್ಲ.

ಎರಡೂ ನಿಜವಾಗಿರಲು ಹೇಗೆ ಸಾಧ್ಯ? ಒಂದು ಸುಳಿವು 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿದೆ. ಹತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಸಂಶೋಧಕರು, ಪೊಲೀಸರು ಗುಂಡಿಯನ್ನು ಯಾವಾಗ ಒತ್ತಿದರು ಎಂಬುದನ್ನು ಹುಡುಕಿದರು. ಪ್ರತಿ ಭೇಟಿಯ ಆರಂಭದಿಂದಲೇ, ಎದುರಿನವರಿಗೆ ತಿಳಿಸಿ, ತಪ್ಪದೆ ಚಿತ್ರೀಕರಿಸಿದ ಕಡೆ ಬಲಪ್ರಯೋಗ ಶೇ. 37ರಷ್ಟು ಇಳಿದಿತ್ತು. ಯಾವಾಗ ಆನ್ ಮಾಡಬೇಕು ಎಂಬುದನ್ನು ಪೊಲೀಸರ ಇಷ್ಟಕ್ಕೆ ಬಿಟ್ಟ ಕಡೆ ಶೇ. 71ರಷ್ಟು ಏರಿತ್ತು. ಜಗಳ ಕೈಮೀರಿದ ಮೇಲೆ ಆನ್ ಮಾಡಿದ ಕ್ಯಾಮೆರಾ ಯಾರನ್ನೂ ತಡೆಯುವುದಿಲ್ಲ. ಎದುರಿನವನ ಕೋಪವನ್ನಷ್ಟೇ ಹಿಡಿಯುತ್ತದೆ, ಆ ಕೋಪಕ್ಕೆ ಕಾರಣವಾದದ್ದು ಅದರಲ್ಲಿ ಇರುವುದೇ ಇಲ್ಲ.

ಹಾಗಾಗಿ ಬಾಡಿ ಕ್ಯಾಮೆರಾ ಇದೆಯೇ ಎಂದು ಕೇಳಿ ಸುಮ್ಮನಾಗುವಂತಿಲ್ಲ. ಆನ್ ಮಾಡುವುದು ಕಡ್ಡಾಯವೇ, ಆನ್ ಮಾಡದವನಿಗೆ ಏನು ಶಿಕ್ಷೆ, ದೃಶ್ಯ ಇಲ್ಲ ಎಂದಾಗ ಅದನ್ನು ಪೊಲೀಸರ ವಿರುದ್ಧವೇ ಎಣಿಸುತ್ತಾರೆಯೇ ಎಂದೂ ಕೇಳಬೇಕು. ಈ ಮೂರೂ ನಿಯಮಗಳಿಲ್ಲದ ಕಡೆ ಅದು ಪೊಲೀಸರ ಪರ ವಾದಿಸುವ ಯಂತ್ರವಾಗಿ ಉಳಿಯುತ್ತದೆ.

ಒಂದು ವಿಡಿಯೊ, ಹದಿಮೂರು ತಿಂಗಳು

ಕ್ಯಾಮೆರಾ ಎಲ್ಲವನ್ನೂ ಸ್ಪಷ್ಟವಾಗಿ ಹಿಡಿದಿತ್ತು, ಅದರ ಜೊತೆಗೆ ಪೊಲೀಸೇತರರ ತನಿಖಾ ಸಂಸ್ಥೆಯೂ ಇತ್ತು ಎಂದಿಟ್ಟುಕೊಳ್ಳಿ. ಆಗ ನ್ಯಾಯ ಸಿಕ್ಕೇ ಸಿಗುತ್ತದೆಯೇ? ಷಿಕಾಗೊ ನಗರದ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ.

2014ರ ಅಕ್ಟೋಬರ್ 20ರ ರಾತ್ರಿ, ಲಕ್ವಾನ್ ಮೆಕ್‌ಡೊನಾಲ್ಡ್ ಎಂಬ 17 ವರ್ಷದ ಕಪ್ಪು ಹುಡುಗನ ಮೇಲೆ ಜೇಸನ್ ವ್ಯಾನ್ ಡೈಕ್ ಎಂಬ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ. ಒಂದಲ್ಲ, 16 ಗುಂಡು. ಹುಡುಗನ ಕೈಯಲ್ಲಿ ಸಣ್ಣ ಚಾಕು ಇತ್ತು, ಅವನು ಪೊಲೀಸರ ಮೇಲೆರಗಲು ಬಂದ ಎಂದು ವರದಿಗಳಲ್ಲಿ ಬರೆಯಲಾಯಿತು. ಆದರೆ ಸ್ಥಳದಲ್ಲಿದ್ದ ಪೊಲೀಸ್ ವಾಹನದ ಮುಂಭಾಗದ ಕ್ಯಾಮೆರಾದಲ್ಲಿ ಇಡೀ ಘಟನೆ ದಾಖಲಾಗಿತ್ತು. ಹುಡುಗ ಪೊಲೀಸರಿಂದ ದೂರ ನಡೆಯುತ್ತಿದ್ದ, ನೆಲಕ್ಕೆ ಬಿದ್ದ ಮೇಲೂ ಗುಂಡುಗಳು ಬೀಳುತ್ತಲೇ ಇದ್ದವು. ಸ್ಥಳದಲ್ಲಿದ್ದ ಹಲವು ವಾಹನಗಳಿಗೆ ಕ್ಯಾಮೆರಾ ಇದ್ದರೂ ಯಾವುದರಲ್ಲೂ ಕೇಳುವಂಥ ಧ್ವನಿ ಇರಲಿಲ್ಲ.

ಈ ವಿಡಿಯೊವನ್ನು ಇಲಾಖೆ ನೋಡಿತ್ತು. ನಗರಸಭೆಯ ವಕೀಲರೂ ನೋಡಿದ್ದರು. 2015ರ ಏಪ್ರಿಲ್‌ನಲ್ಲಿ, ಕುಟುಂಬ ಮೊಕದ್ದಮೆ ಹೂಡುವ ಮುನ್ನವೇ, ನಗರಸಭೆ 50 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿತು. ಆದರೆ ಜನ ನೋಡಲಿಲ್ಲ. ಒಬ್ಬ ಸ್ವತಂತ್ರ ಪತ್ರಕರ್ತ ಮಾಹಿತಿ ಹಕ್ಕಿನಡಿ ನ್ಯಾಯಾಲಯಕ್ಕೆ ಹೋಗಿ ಗೆದ್ದ ಮೇಲೆ, 2015ರ ನವೆಂಬರ್ 24ರಂದು ವಿಡಿಯೊ ಹೊರಬಂತು. ವ್ಯಾನ್ ಡೈಕ್ ಮೇಲೆ ಕೊಲೆ ಆರೋಪ ಹೊರಿಸಿದ್ದೂ ಅದೇ ದಿನ. ಪೊಲೀಸ್ ಮುಖ್ಯಸ್ಥ ಕೆಲಸ ಕಳೆದುಕೊಂಡ. 2018ರಲ್ಲಿ ವ್ಯಾನ್ ಡೈಕ್ ತಪ್ಪಿತಸ್ಥನೆಂದು ತೀರ್ಪು ಬಂತು. ಆ ದೃಶ್ಯ ಹದಿಮೂರು ತಿಂಗಳು ಬೀರುವಿನಲ್ಲಿತ್ತು. ಬೀರು ತೆರೆಸಿದ್ದು ಪತ್ರಕರ್ತ ಮತ್ತು ನ್ಯಾಯಾಧೀಶ.

ಈ ಹೊತ್ತಿಗೆ ಷಿಕಾಗೊದಲ್ಲಿ ಪೊಲೀಸರಿಂದ ಗುಂಡೇಟು ಬಿದ್ದಾಗ ತನಿಖೆ ಮಾಡುವ ಪೊಲೀಸೇತರ ಸಂಸ್ಥೆ ಇರಲಿಲ್ಲವೇ ಎಂದರೆ, ಇತ್ತು. 2007ರಲ್ಲೇ ಹುಟ್ಟಿದ ಸ್ವತಂತ್ರ ಪೊಲೀಸ್ ಪರಿಶೀಲನಾ ಪ್ರಾಧಿಕಾರ ಅದು. ಹೆಸರಿನಲ್ಲಿ ‘ಸ್ವತಂತ್ರ’ ಎಂದೇ ಇತ್ತು, ಮುಖ್ಯಸ್ಥರು ಪೊಲೀಸರಲ್ಲ. ಆದರೆ ಅದರ ಕಡತಗಳನ್ನು ಅಮೆರಿಕದ ನ್ಯಾಯ ಇಲಾಖೆ ತೆರೆದು ನೋಡಿದಾಗ, ಸುಮಾರು 400 ಗುಂಡಿನ ಪ್ರಕರಣಗಳಲ್ಲಿ ಕೇವಲ 2 ಮಾತ್ರ ಅಸಮರ್ಥನೀಯ ಎಂದು ಅದು ಹೇಳಿತ್ತು. ಮೆಕ್‌ಡೊನಾಲ್ಡ್ ಗಲಾಟೆಯ ನಂತರ ಆ ಪ್ರಾಧಿಕಾರವನ್ನೇ ಮುಚ್ಚಿ, 2017ರಲ್ಲಿ ಹೊಸದನ್ನು ಕಟ್ಟಿದರು. ಹೊಸ ನಿಯಮಗಳಲ್ಲಿ ಮುಖ್ಯವಾದದ್ದು, ಇಂಥ ಘಟನೆಗಳ ವಿಡಿಯೊವನ್ನು ಸಾಮಾನ್ಯವಾಗಿ 60 ದಿನಗಳೊಳಗೆ ಸಾರ್ವಜನಿಕರ ಮುಂದಿಡಬೇಕು ಎಂಬುದು. ಇಷ್ಟಾದ ಮೇಲೆ ಅಲ್ಲಿ ಎಲ್ಲವೂ ಸರಿಯಾಯಿತು ಎಂದು ಯಾರೂ ಹೇಳುವುದಿಲ್ಲ. ಆದರೆ ದಿನಾಂಕ ಗೊತ್ತುಮಾಡಿದ ಒಂದು ನಿಯಮ, ಹತ್ತು ವರ್ಷದ ‘ಸ್ವತಂತ್ರ’ ಎಂಬ ನಾಮಫಲಕಕ್ಕಿಂತ ಹೆಚ್ಚು ಕೆಲಸ ಮಾಡಿತು.

ನಮ್ಮ ದೂರು ಪ್ರಾಧಿಕಾರ

ಭಾರತದಲ್ಲಿ ಈ ಚರ್ಚೆ ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯ ಅರ್ಜಿಯಿಂದ ಗಟ್ಟಿಯಾಯಿತು. ಉತ್ತರ ಪ್ರದೇಶ ಮತ್ತು ಅಸ್ಸಾಂ ಪೊಲೀಸ್ ಮುಖ್ಯಸ್ಥರೂ ಬಿಎಸ್‌ಎಫ್ ಮುಖ್ಯಸ್ಥರೂ ಆಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಹತ್ತು ವರ್ಷದ ನಂತರ, 2006ರ ಸೆಪ್ಟೆಂಬರ್ 22ರಂದು ಬಂದ ತೀರ್ಪು ರಾಜ್ಯಗಳಿಗೆ ಕೊಟ್ಟ ನಿರ್ದೇಶನಗಳಲ್ಲಿ ಪೊಲೀಸ್ ದೂರು ಪ್ರಾಧಿಕಾರ ರಚನೆಯೂ ಒಂದು.

ತೀರ್ಪಿನ ನಕ್ಷೆ ಸರಳವಾಗಿತ್ತು. ಎಸ್‌ಪಿ ಮತ್ತು ಅದಕ್ಕಿಂತ ಮೇಲಿನವರ ವಿರುದ್ಧದ ದೂರುಗಳಿಗೆ ರಾಜ್ಯ ಪ್ರಾಧಿಕಾರ, ಅದರ ಅಧ್ಯಕ್ಷರು ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಡಿವೈಎಸ್‌ಪಿ ಮತ್ತು ಕೆಳಗಿನವರ ವಿರುದ್ಧದ ದೂರುಗಳಿಗೆ ಜಿಲ್ಲಾ ಪ್ರಾಧಿಕಾರ, ಅದರ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ವಶದಲ್ಲಿದ್ದಾಗ ಸಾವು, ತೀವ್ರ ಗಾಯ, ಅತ್ಯಾಚಾರದಂಥ ಗಂಭೀರ ದೂರುಗಳು ಇವುಗಳ ಮುಂದೆ ಬರಬೇಕು. ಜಿಲ್ಲೆಯ ಪ್ರಾಧಿಕಾರ ಹಣ ಸುಲಿಗೆ, ಜಮೀನು ಕಬಳಿಕೆ, ಅಧಿಕಾರದ ಗಂಭೀರ ದುರುಪಯೋಗವನ್ನೂ ವಿಚಾರಿಸಬಹುದು. ಈ ನಕ್ಷೆಗೆ ಜೀವ ಕೊಡುವ ಎರಡು ಸಾಲುಗಳು ತೀರ್ಪಿನಲ್ಲಿದ್ದವು. ಪ್ರಾಧಿಕಾರ ತನ್ನದೇ ತನಿಖಾಧಿಕಾರಿಗಳನ್ನು ಇಟ್ಟುಕೊಳ್ಳಬಹುದು ಎಂಬುದು ಒಂದು. ಇಲಾಖಾ ಕ್ರಮಕ್ಕಾಗಲಿ ಕ್ರಿಮಿನಲ್ ಕ್ರಮಕ್ಕಾಗಲಿ ಅದು ಮಾಡುವ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂಬುದು ಇನ್ನೊಂದು.

ಕರ್ನಾಟಕವೂ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ದೂರು ಪ್ರಾಧಿಕಾರಗಳಿಗೆ ಕಾನೂನಿನಲ್ಲಿ ಜಾಗ ಮಾಡಿತು. ಬೇರೆ ಬೇರೆ ರಾಜ್ಯಗಳ ಕಾಯ್ದೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಪ್ರಾಧಿಕಾರ ಎಂಬ ಹೆಸರು ಬಹುತೇಕ ಕಡೆ ಬಂದಿದೆ, ಆದರೆ ತೀರ್ಪಿನ ಆ ಎರಡು ಸಾಲುಗಳು ಹಲವು ಕಡೆ ಬಂದಿಲ್ಲ. ಸ್ವಂತ ತನಿಖಾ ಸಿಬ್ಬಂದಿ ಇಲ್ಲದ ಪ್ರಾಧಿಕಾರ ಏನು ಮಾಡುತ್ತದೆ? ನಿಮ್ಮ ದೂರನ್ನು ಮುಚ್ಚಿದ ಲಕೋಟೆಯಲ್ಲಿ ಎಸ್‌ಪಿ ಕಚೇರಿಗೆ ಕಳಿಸಿ ವರದಿ ಕೇಳುತ್ತದೆ. ಎಸ್‌ಪಿ ಕಚೇರಿ ಅದನ್ನು ಡಿವೈಎಸ್‌ಪಿಗೆ ಕಳಿಸುತ್ತದೆ. ಡಿವೈಎಸ್‌ಪಿ ಅದೇ ಠಾಣೆಯ ಇನ್‌ಸ್ಪೆಕ್ಟರರಿಂದ ವಿವರಣೆ ಕೇಳುತ್ತಾರೆ. ಕೊನೆಗೆ ‘ದೂರಿನಲ್ಲಿ ಹುರುಳಿಲ್ಲ’ ಎಂಬ ಹಿಂಬರಹ ನಿಮ್ಮ ಮನೆಗೆ ಬರುತ್ತದೆ. ಯಾರ ಮೇಲೆ ದೂರೋ ಅವರ ಕೈಬರಹವೇ ಅದರ ಮೂಲ.

ಸಾಕ್ಷ್ಯ ಗಟ್ಟಿಯಾಗಿದ್ದರೂ ಇನ್ನೊಂದು ಬಾಗಿಲು ಅಡ್ಡ ನಿಲ್ಲುತ್ತದೆ. ಕರ್ತವ್ಯದ ವೇಳೆ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ನಡೆಸಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಇದನ್ನು ಹೇಳುತ್ತದೆ. ಕರ್ನಾಟಕದಲ್ಲಿ ಇದರ ಜೊತೆಗೆ ನಮ್ಮದೇ ಪೊಲೀಸ್ ಕಾಯ್ದೆಯ 170ನೇ ಕಲಂ ಇದೆ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ, 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಪೊಲೀಸ್ ಅಧಿಕಾರಿ ಅಧಿಕಾರದ ಮಿತಿ ಮೀರಿ ನಡೆದಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ತಕ್ಕ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದಿತು. ಸಾತ್ತಾನ್‌ಕುಳಂ ಘಟನೆ ನಡೆದದ್ದೂ ಅದೇ ತಿಂಗಳು. ಪ್ರಾಮಾಣಿಕ ಅಧಿಕಾರಿಗಳನ್ನು ಸುಳ್ಳು ಮೊಕದ್ದಮೆಗಳಿಂದ ಕಾಪಾಡಲು ಇಂಥ ರಕ್ಷಣೆ ಬೇಕು ಎಂಬ ವಾದದಲ್ಲಿ ತಿರುಳಿದೆ, ದ್ವೇಷದಿಂದ ಹೂಡುವ ದೂರುಗಳೂ ಇವೆ. ಆದರೆ ಅನುಮತಿ ಕೊಡುವ ಕೈ ಮತ್ತು ಪೊಲೀಸರನ್ನು ನಡೆಸುವ ಕೈ ಒಂದೇ ಆದಾಗ, ರಕ್ಷಣೆ ಎಲ್ಲಿ ಮುಗಿದು ಆಶ್ರಯ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಬೆಲ್‌ಫಾಸ್ಟ್‌ನ ಪ್ರಯೋಗ

ಮೂರನೆಯ ಉಪಾಯ ತನ್ನ ಪೂರ್ಣ ರೂಪದಲ್ಲಿ ಕಾಣಸಿಗುವುದು ಉತ್ತರ ಐರ್ಲೆಂಡಿನಲ್ಲಿ. ದಶಕಗಳ ಮತೀಯ ಹಿಂಸೆಯಲ್ಲಿ ನಲುಗಿದ ಆ ನಾಡಿನಲ್ಲಿ, ಒಂದು ಸಮುದಾಯ ಪೊಲೀಸರನ್ನು ತಮ್ಮವರೆಂದರೆ ಇನ್ನೊಂದು ಶತ್ರುಗಳೆನ್ನುತ್ತಿತ್ತು. ಪೊಲೀಸರೇ ಪೊಲೀಸರನ್ನು ತನಿಖೆ ಮಾಡಿದರೆ ಯಾವ ವರದಿಯನ್ನೂ ಅರ್ಧ ಊರು ನಂಬುತ್ತಿರಲಿಲ್ಲ. ಅದಕ್ಕೇ 1998ರ ಕಾಯ್ದೆಯೊಂದು ಪೊಲೀಸ್ ಓಂಬುಡ್ಸ್‌ಮನ್ ಹುದ್ದೆಯನ್ನು ಹುಟ್ಟಿಸಿತು. 2000ದ ನವೆಂಬರ್‌ನಲ್ಲಿ ಕಚೇರಿ ತೆರೆಯಿತು. ಮೊದಲ ಓಂಬುಡ್ಸ್‌ಮನ್ ನೂಲಾ ಓಲೋನ್ ಎಂಬ ಕಾನೂನು ಅಧ್ಯಾಪಕಿ.

ಈ ಕಚೇರಿಯ ಕೆಲಸ ನಮ್ಮ ಪ್ರಾಧಿಕಾರಗಳಿಗಿಂತ ಮೂಲದಲ್ಲೇ ಬೇರೆ. ಪೊಲೀಸರ ನಡತೆಯ ಮೇಲೆ ಜನ ಕೊಡುವ ದೂರುಗಳೆಲ್ಲ ಇಲ್ಲಿಗೇ ಬರಬೇಕು, ಠಾಣೆಯಲ್ಲಿ ಕೊಟ್ಟರೂ ಠಾಣೆಯವರು ಇಲ್ಲಿಗೆ ಕಳಿಸಬೇಕು. ಪೊಲೀಸರ ಕೃತ್ಯದಿಂದ ಯಾರಾದರೂ ಸತ್ತಿರಬಹುದು ಎಂದಾದರೆ, ಯಾರೂ ದೂರು ಕೊಡದಿದ್ದರೂ ಪೊಲೀಸ್ ಮುಖ್ಯಸ್ಥರೇ ಪ್ರಕರಣವನ್ನು ಒಪ್ಪಿಸಬೇಕು. ಆ ಬಳಿಕ ಸ್ಥಳಕ್ಕೆ ಹೋಗುವವರು ಕಚೇರಿಯ ಸ್ವಂತ ತನಿಖಾಧಿಕಾರಿಗಳು. ಇವರು ಪೊಲೀಸರಲ್ಲ, ಆದರೆ ಪೊಲೀಸರಿಗಿರುವ ಬಂಧನ, ಶೋಧ, ವಶಪಡಿಸಿಕೊಳ್ಳುವ ಅಧಿಕಾರಗಳೆಲ್ಲ ಇವರಿಗಿವೆ. ಠಾಣೆಯ ಹಾರ್ಡ್‌ಡಿಸ್ಕನ್ನು ಕೇಳಿ ಪಡೆಯಬೇಕಾಗಿಲ್ಲ, ಕಿತ್ತು ತೆಗೆದುಕೊಂಡು ಹೋಗಬಹುದು.

ಒಬ್ಬೊಬ್ಬರ ದೂರನ್ನು ವಿಚಾರಿಸುವುದು ಒಂದು ಕೆಲಸ, ಇಡೀ ಪಡೆಯ ನೀತಿಯನ್ನು ಪ್ರಶ್ನಿಸುವುದು ಇನ್ನೊಂದು. ಆ ಎರಡನೆಯ ಕೆಲಸಕ್ಕೆ ಅಲ್ಲಿ ಬೇರೆಯೇ ಪೊಲೀಸ್ ಮಂಡಳಿ ಇದೆ. ಅದರ 19 ಸದಸ್ಯರಲ್ಲಿ 10 ಮಂದಿ ವಿವಿಧ ಪಕ್ಷಗಳ ಶಾಸಕರು, 9 ಮಂದಿ ಪಕ್ಷಾತೀತ ನಾಗರಿಕರು. ಪೊಲೀಸ್ ಮುಖ್ಯಸ್ಥರ ನೇಮಕ ಈ ಮಂಡಳಿಯ ಕೈಯಲ್ಲಿದೆ, ಅವರು ಸಾರ್ವಜನಿಕ ಸಭೆಯಲ್ಲಿ ಮಂಡಳಿಯ ಪ್ರಶ್ನೆಗಳಿಗೆ ಉತ್ತರಿಸಬೇಕು. ನಾಗರಿಕ ಮೇಲುಸ್ತುವಾರಿ ಎಂಬ ಮಾತಿನ ಪೂರ್ಣ ಅರ್ಥ ಇದು.

ಇದಕ್ಕೂ ಮಿತಿಗಳಿವೆ. ಓಂಬುಡ್ಸ್‌ಮನ್ ಯಾರಿಗೂ ಶಿಕ್ಷೆ ಕೊಡುವಂತಿಲ್ಲ. ಮೊಕದ್ದಮೆ ಹೂಡುವುದು ಸರ್ಕಾರಿ ಅಭಿಯೋಜಕರ ಕೆಲಸ, ಶಿಸ್ತುಕ್ರಮ ಪೊಲೀಸ್ ಮುಖ್ಯಸ್ಥರದ್ದು. ನಿವೃತ್ತರಾದ ಪೊಲೀಸರನ್ನು ಸಾಕ್ಷಿಗಳಾಗಿ ಮಾತಾಡಿ ಎಂದು ಒತ್ತಾಯಿಸುವ ಅಧಿಕಾರವಿಲ್ಲ, ಹಳೆಯ ಹಿಂಸೆಯ ಪ್ರಕರಣಗಳಲ್ಲಿ ಇದು ದೊಡ್ಡ ತೊಡಕು. ಸ್ವಾತಂತ್ರ್ಯವೂ ಒಮ್ಮೆ ಸಿಕ್ಕರೆ ಶಾಶ್ವತವಲ್ಲ. 2011ರಲ್ಲಿ ಇದೇ ಕಚೇರಿಯನ್ನು ತಪಾಸಣೆ ಮಾಡಿದ ಇನ್ನೊಂದು ಸಂಸ್ಥೆ, ಹಳೆಯ ಪ್ರಕರಣಗಳ ತನಿಖೆಯಲ್ಲಿ ಕಚೇರಿಯ ಸ್ವಾತಂತ್ರ್ಯ ತಗ್ಗಿದೆ ಎಂದು ಬರೆಯಿತು. ಆಗಿನ ಓಂಬುಡ್ಸ್‌ಮನ್ ಹುದ್ದೆ ಬಿಡಬೇಕಾಯಿತು. ಕಾಯುವವರನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಕಾಗದದ ಮೇಲೆ ಒಂದು ಉತ್ತರ ಇತ್ತು, ಅದು ಕೆಲಸಕ್ಕೂ ಬಂತು.

ಮೂರನ್ನೂ ತೂಗಿದರೆ

ಮತ್ತೆ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ. ಕ್ಯಾಮೆರಾ ಸಾಕ್ಷ್ಯ ಹುಟ್ಟಿಸುತ್ತದೆ. ಅದನ್ನು ತನಿಖೆ ಮಾಡುವುದೂ ಇಲ್ಲ, ತೀರ್ಪು ಕೊಡುವುದೂ ಇಲ್ಲ. ನಮ್ಮ ಬಗೆಯ ದೂರು ಪ್ರಾಧಿಕಾರ ಜನರಿಗೆ ಬಡಿಯಲು ಒಂದು ಬಾಗಿಲು ಕೊಡುತ್ತದೆ, ಆದರೆ ಸಾಕ್ಷ್ಯವೂ ತನಿಖೆಯೂ ಪೊಲೀಸರ ಕೈಯಲ್ಲೇ ಇದ್ದರೆ ಬಾಗಿಲಿನ ಆಚೆ ಗೋಡೆ. ಬೆಲ್‌ಫಾಸ್ಟ್ ಮಾದರಿ ಸಾಕ್ಷ್ಯ ಮತ್ತು ತನಿಖೆ ಎರಡನ್ನೂ ಹೊರಗಿನವರಿಗೆ ಕೊಡುತ್ತದೆ, ಕೊನೆಯ ಕ್ರಮ ಮಾತ್ರ ಬೇರೆಯವರದ್ದು. ಷಿಕಾಗೊದ ಹಳೆಯ ಪ್ರಾಧಿಕಾರ ಹೊರಗಿನವರದೇ ಆಗಿದ್ದೂ ಸೋತದ್ದನ್ನು ನೆನೆದರೆ, ಕುರ್ಚಿಯಲ್ಲಿ ಪೊಲೀಸೇತರರು ಕೂತರಷ್ಟೇ ಸಾಲದು ಎಂಬುದೂ ತಿಳಿಯುತ್ತದೆ. ನನ್ನನ್ನು ಕೇಳಿದರೆ, ದುಡ್ಡು ಒಂದೇ ಕಡೆ ಹಾಕಲು ಸಾಧ್ಯವಿದ್ದರೆ ಇನ್ನಷ್ಟು ಕ್ಯಾಮೆರಾಗಳಿಗಿಂತ ಮೊದಲು, ಪ್ರಾಧಿಕಾರಕ್ಕೆ ಸ್ವಂತ ತನಿಖಾಧಿಕಾರಿಗಳ ಒಂದು ತಂಡ ಮತ್ತು ಠಾಣೆಯ ದೃಶ್ಯವನ್ನು ನೇರವಾಗಿ ತೆಗೆದುಕೊಳ್ಳುವ ಹಕ್ಕು ಬೇಕು. ಅವೆರಡು ಬಂದ ಮೇಲೆ ಕ್ಯಾಮೆರಾಗಳಿಗೆ ಬೆಲೆ ತಾನಾಗಿ ಬರುತ್ತದೆ.

ಸುಪ್ರೀಂ ಕೋರ್ಟ್ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2020ರ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ, ದೇಶದ ಪ್ರತಿ ಠಾಣೆಯಲ್ಲೂ ರಾತ್ರಿಯಲ್ಲಿ ಕಾಣುವ, ಧ್ವನಿ ಹಿಡಿಯುವ ಕ್ಯಾಮೆರಾ ಇರಬೇಕು ಎಂದು ಅದು ಆದೇಶಿಸಿತು. ಎಲ್ಲೆಲ್ಲಿ ಎಂಬುದನ್ನೂ ಬಿಡಿಸಿ ಹೇಳಿತು. ಬರುವ ಹೋಗುವ ಬಾಗಿಲುಗಳು, ಲಾಕಪ್, ಲಾಕಪ್‌ನ ಹೊರಗೆ, ಪಡಸಾಲೆ, ಇನ್‌ಸ್ಪೆಕ್ಟರ್ ಕೋಣೆ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ, ಹೀಗೆ. ದೃಶ್ಯವನ್ನು 18 ತಿಂಗಳು ಇಡಬೇಕು, ಅಂಥ ಸಾಧನ ಸಿಗದಿದ್ದರೆ ಕನಿಷ್ಠ 1 ವರ್ಷ. ಕ್ಯಾಮೆರಾ ಕೆಟ್ಟರೆ ಜವಾಬ್ದಾರಿ ಠಾಣಾಧಿಕಾರಿಯದು. ಮೇಲ್ವಿಚಾರಣೆಗೆ ರಾಜ್ಯ ಮತ್ತು ಜಿಲ್ಲಾ ಸಮಿತಿಗಳು. ಆದರೂ 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದಲ್ಲಿ ಕೆಲವೇ ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ಪತ್ರಿಕಾ ವರದಿ ಓದಿ, ನ್ಯಾಯಾಲಯ ಮತ್ತೆ ತಾನಾಗಿ ಪ್ರಕರಣ ಎತ್ತಿಕೊಳ್ಳಬೇಕಾಯಿತು. ಇಂದು ಕ್ಯಾಮೆರಾ ಹಾಕಿದ್ದೇವೆ ಎಂದು ಪ್ರಮಾಣಪತ್ರ ಕೊಟ್ಟು ನಾಳೆ ಅದನ್ನು ಆಫ್ ಮಾಡಿದರೆ ಏನು ಗತಿ ಎಂಬ ಚಿಂತೆ ನ್ಯಾಯಪೀಠದಲ್ಲೇ ವ್ಯಕ್ತವಾಯಿತು.

ಓದುಗರಿಗೆ ಉಪಯೋಗಕ್ಕೆ ಬರುವ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ನಿಮಗೋ ನಿಮ್ಮವರಿಗೋ ಠಾಣೆಯಲ್ಲಿ ಹೊಡೆತ ಬಿದ್ದಿದ್ದರೆ ಮೊದಲ ಕೆಲಸ ಗಾಯವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸುವುದು. ಎರಡನೆಯದು, ಅದೇ ದಿನ ಎಸ್‌ಪಿ ಅಥವಾ ಡಿಸಿಪಿಗೆ ಬರಹದಲ್ಲಿ ದೂರು ಕೊಟ್ಟು, ಇಂಥ ದಿನ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾದಿಡಿ ಎಂದು ಕೇಳಿ, ಸ್ವೀಕೃತಿ ಪಡೆಯುವುದು. ಅದರ ಪ್ರತಿ ದೂರು ಪ್ರಾಧಿಕಾರಕ್ಕೂ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಹೋಗಲಿ. ಠಾಣೆಯಲ್ಲಿ ಗಂಭೀರ ಗಾಯವೋ ಸಾವೋ ಸಂಭವಿಸಿದ ದೂರು ಬಂದಾಗ ದೃಶ್ಯವನ್ನು ತಕ್ಷಣ ತರಿಸಿಕೊಳ್ಳಬಹುದು ಎಂದು ಸೈನಿ ಆದೇಶವೇ ಆಯೋಗಕ್ಕೆ ಹೇಳಿದೆ. ಆದರೆ ಘಟನೆ ನಡೆದು 1 ವರ್ಷ ಕಳೆದರೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ.

ಅದೇ ಆದೇಶದಲ್ಲಿ ಇನ್ನೊಂದು ಸಾಲಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ಪ್ರತಿ ಠಾಣೆಯ ಬಾಗಿಲಲ್ಲೂ ಒಳಗೂ ದೊಡ್ಡ ಫಲಕ ಇರಬೇಕು, ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು. ಇಲ್ಲಿ ಕ್ಯಾಮೆರಾ ಇದೆ, ದೃಶ್ಯವನ್ನು ಕನಿಷ್ಠ ಆರು ತಿಂಗಳು ಇಡಲಾಗುತ್ತದೆ, ಹಕ್ಕು ಉಲ್ಲಂಘನೆಯಾದರೆ ಇಂಥವರಿಗೆ ದೂರು ಕೊಡಬಹುದು, ದೃಶ್ಯವನ್ನು ಕಾದಿರಿಸಿ ಎಂದು ಕೇಳುವ ಹಕ್ಕು ನಿಮಗಿದೆ ಎಂದು ಅದರಲ್ಲಿ ಬರೆದಿರಬೇಕು. ಮುಂದಿನ ಸಲ ಪಾಸ್‌ಪೋರ್ಟ್ ಪರಿಶೀಲನೆಗೋ ಕಳೆದ ಮೊಬೈಲಿನ ದೂರಿಗೋ ಠಾಣೆಗೆ ಹೋದಾಗ ಬಾಗಿಲಲ್ಲಿ ಒಂದು ನಿಮಿಷ ನಿಂತು, ಆ ಫಲಕ ಕನ್ನಡದಲ್ಲಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಜಿಲ್ಲಾ ಮೇಲ್ವಿಚಾರಣಾ ಸಮಿತಿಗೆ ಒಂದು ಸಾಲಿನ ಪತ್ರ ಬರೆಯಿರಿ.